ಇಪ್ಪತ್ತೈದು ಡಾಲರ್ ಕಟ್ಟಿದರೆ ಸಾಲದು, ಪಾಳಿಗೂ ಬರಬೇಕು

ದುಡ್ಡು ಕಟ್ಟಿ ಸದಸ್ಯರಾದವರ ಕೈಗೆ ಬರುವ ಸ್ವಾಗತ ಪತ್ರಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಮೊದಲು ಅಭಿನಂದನೆ, ಆಮೇಲೆ ರಿಯಾಯಿತಿಗಳ ಪಟ್ಟಿ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ನಿಯಮಗಳು. ನಿಯಮಗಳನ್ನು ಯಾರೂ ಓದುವುದಿಲ್ಲ. ಓದಲಿ ಎಂದು ಅಚ್ಚು ಹಾಕಿಸಿರುವುದೂ ಇಲ್ಲ. ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಒಂದು ದಿನಸಿ ಅಂಗಡಿಯಿದೆ. ಅಲ್ಲಿ ಹೊಸಬರನ್ನು ಬರಮಾಡಿಕೊಳ್ಳುವ ರೀತಿ ಇದಕ್ಕೆ ಪೂರ್ತಿ ತಿರುವುಮುರುವು. ಹಣ ಕಟ್ಟಿಸಿಕೊಳ್ಳುವುದಕ್ಕೆ ಮುಂಚೆಯೇ ನಿಮ್ಮ ಮೇಲೆ ಬೀಳುವ ಹೊರೆ ಏನು, ತಪ್ಪಿದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತಾರೆ. ಕೇಳಿಸಿಕೊಂಡ ಮೇಲೆ ಬೇಡವೆನಿಸಿದರೆ ಎದ್ದು ಹೋಗಬಹುದು.

ಅಂಗಡಿಯ ಹೆಸರು ಪಾರ್ಕ್ ಸ್ಲೋಪ್ ಫುಡ್ ಕೋಆಪ್. 1973ರಲ್ಲಿ ಅಕ್ಕಪಕ್ಕದ ಮನೆಗಳ ಕೆಲವು ಜನ ಸೇರಿ, ಒಳ್ಳೆಯ ತರಕಾರಿ ಹಣ್ಣು ಕೈಗೆಟಕುವ ಬೆಲೆಗೆ ಸಿಗಲಿ ಎಂದು ಯೂನಿಯನ್ ಸ್ಟ್ರೀಟ್‌ನಲ್ಲಿ ಶುರು ಮಾಡಿದ್ದು. ಇವತ್ತು ಅದಕ್ಕೆ ಸುಮಾರು ಹದಿನಾರು ಹದಿನೇಳು ಸಾವಿರ ಸದಸ್ಯರಿದ್ದಾರೆ. ಅಂಗಡಿ ಇರುವುದು ಒಂದೇ, ಶಾಖೆಗಳಿಲ್ಲ. ಸದಸ್ಯರಲ್ಲದವರು ಸದಸ್ಯರೊಬ್ಬರ ಜೊತೆ ಅತಿಥಿಯಾಗಿ ಒಳಗೆ ಹೋಗಿ ನೋಡಿಕೊಂಡು ಬರಬಹುದು, ಒಂದು ಬಾಳೆಹಣ್ಣನ್ನೂ ಕೊಳ್ಳುವಂತಿಲ್ಲ. ಸದಸ್ಯರಾದವರು ಎಲ್ಲರೂ ಅಲ್ಲಿ ಕೆಲಸ ಮಾಡಲೇಬೇಕು, ಸಂಬಳವಿಲ್ಲದೆ. ಡಾಕ್ಟರಾಗಿರಲಿ, ವಕೀಲರಾಗಿರಲಿ, ಸಿನಿಮಾ ನಟರಾಗಿರಲಿ, ಪಾಳಿ ಬಂದ ದಿನ ಏಪ್ರನ್ ಕಟ್ಟಿಕೊಂಡು ನೆಲಮಾಳಿಗೆಯಲ್ಲಿ ಗೋಡಂಬಿ ತೂಗಿ ಪೊಟ್ಟಣ ಕಟ್ಟಬೇಕು.

ಹೊಸ ಸದಸ್ಯರಿಗೆ ಮೊದಲು ಎದುರಾಗುವುದು ಹಣದ ಮಾತು, ಅದು ಸರಳವಾದದ್ದು. ಪ್ರವೇಶ ಶುಲ್ಕ 25 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿ ಚಿಲ್ಲರೆ. ಇದು ಮರಳಿ ಬರುವುದಿಲ್ಲ. ಅದರ ಮೇಲೆ 100 ಡಾಲರ್ ಪಾಲುಹಣ. ಇದು ನಿಮ್ಮ ಹೆಸರಿನಲ್ಲಿ ಅಂಗಡಿಯ ಬಂಡವಾಳವಾಗಿ ಉಳಿದಿರುತ್ತದೆ, ಬಿಟ್ಟು ಹೋಗುವಾಗ ವಾಪಸು ಕೊಡುತ್ತಾರೆ. ಸರ್ಕಾರದ ನೆರವಿನಲ್ಲಿ ಬದುಕುವ ಬಡವರಿಗೆ ಎರಡೂ ಮೊತ್ತಗಳಲ್ಲಿ ದೊಡ್ಡ ರಿಯಾಯಿತಿಯುಂಟು. ವರ್ಷವರ್ಷವೂ ಕಟ್ಟುವ ಚಂದಾ ಇಲ್ಲ. ಲಾಭಾಂಶವನ್ನೂ ಯಾರೂ ಹಂಚುವುದಿಲ್ಲ. ಇದನ್ನು ಕೇಳಿದಾಗ ಸಹಕಾರ ಚಳವಳಿಯ ಚರಿತ್ರೆ ಗೊತ್ತಿರುವವರು ಹುಬ್ಬೇರಿಸಬಹುದು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಜನ ಸೇರಿ ತೆರೆದ ಅಂಗಡಿ, ಸದಸ್ಯರು ಎಷ್ಟು ಕೊಂಡರೋ ಅದಕ್ಕೆ ತಕ್ಕಂತೆ ಆಮೇಲೆ ಲಾಭವನ್ನು ಹಂಚಿಕೊಡುತ್ತಿತ್ತು. ಜಗತ್ತಿನ ಬಹಳಷ್ಟು ಗ್ರಾಹಕ ಸಂಘಗಳು ಹಿಡಿದದ್ದು ಆ ದಾರಿ. ಬ್ರೂಕ್ಲಿನ್‌ನವರು ಹಾಗೆ ಕಾಯಿಸುವುದಿಲ್ಲ. ಸಿಗಬೇಕಾದ್ದು ಅವತ್ತಿನ ಬಿಲ್ಲಿನಲ್ಲೇ ಸಿಕ್ಕಿಬಿಡಲಿ ಎನ್ನುತ್ತಾರೆ.

ಬಿಲ್ಲಿನಲ್ಲಿ ಸಿಗುವುದು ಹೇಗೆ? ಸಗಟು ವ್ಯಾಪಾರಿಯಿಂದ 4 ಡಾಲರಿಗೆ ತಂದ ಒಂದು ಸಾಮಾನನ್ನು ತೆಗೆದುಕೊಳ್ಳಿ. ಮಾಮೂಲಿ ಅಂಗಡಿ ಅದರ ಮೇಲೆ ಬಾಡಿಗೆ, ಸಂಬಳ, ಜಾಹೀರಾತು, ಲಾಭ ಎಲ್ಲವನ್ನೂ ಹೇರುತ್ತದೆ. ನೂರಕ್ಕೆ ಅರವತ್ತರಷ್ಟು ಹೇರಿದರೆ ಗಿರಾಕಿ ಕೊಡಬೇಕಾದ್ದು 6 ಡಾಲರ್ 40 ಸೆಂಟ್. ಕೋಆಪ್ ಬಹುತೇಕ ಎಲ್ಲ ಸಾಮಾನಿಗೂ ಒಂದೇ ದರದಲ್ಲಿ, ನೂರಕ್ಕೆ ಇಪ್ಪತ್ತೈದರ ಆಸುಪಾಸು ಮಾತ್ರ ಸೇರಿಸುತ್ತದೆ. ಅಲ್ಲಿ ಅದೇ ಸಾಮಾನು 5 ಡಾಲರ್. ತಿಂಗಳ ದಿನಸಿಯಲ್ಲಿ ನೂರಕ್ಕೆ ಇಪ್ಪತ್ತರಿಂದ ನಲವತ್ತರವರೆಗೆ ಉಳಿಯುತ್ತದೆ ಎಂಬುದು ಕೋಆಪ್ ಹೇಳಿಕೊಳ್ಳುವ ಲೆಕ್ಕ. ಸಾವಯವ ತರಕಾರಿ, ಚೀಸ್, ಬೇಳೆ, ಮಸಾಲೆ ಪದಾರ್ಥಗಳಲ್ಲಿ ಉಳಿತಾಯ ಎದ್ದು ಕಾಣುತ್ತದೆ. ಎಲ್ಲೆಡೆ ಅಗ್ಗವಾಗಿ ಸಿಗುವ ಕಾರ್ಖಾನೆ ಬಿಸ್ಕತ್ತಿನಂಥದ್ದರಲ್ಲಿ ಅಷ್ಟೇನೂ ಕಾಣದು. ದೊಡ್ಡ ಅಂಗಡಿಗಳು ಅಂಥ ಕೆಲವು ಸರಕನ್ನು ಅಸಲಿಗೆ ಕೊಟ್ಟಾದರೂ ಗಿರಾಕಿಯನ್ನು ಒಳಗೆ ಎಳೆಯುತ್ತವೆ. ಒಂದೇ ದರ ಹಾಕುವ ಕೋಆಪ್‌ಗೆ ಆ ಆಟ ಆಡಲು ಬರುವುದಿಲ್ಲ.

ಇಷ್ಟು ಕಡಿಮೆ ಹೇರಿಕೆಯಲ್ಲಿ ಅಂಗಡಿ ನಡೆಯುವುದಕ್ಕೆ ಕಾರಣ ಸದಸ್ಯರ ದುಡಿಮೆ. ಸಂಬಳದ ಸಿಬ್ಬಂದಿ ಇದ್ದಾರೆ. ಸರಕು ತರಿಸುವುದು, ಲೆಕ್ಕಪತ್ರ, ದಿನದ ಮೇಲ್ವಿಚಾರಣೆ ಅವರದು. ಉಳಿದ ಮುಕ್ಕಾಲು ಪಾಲು ಕೆಲಸ ಸದಸ್ಯರದೇ. ಬಹುಕಾಲ ನಾಲ್ಕು ವಾರಕ್ಕೊಮ್ಮೆ ಎರಡೂಮುಕ್ಕಾಲು ಗಂಟೆಯ ಒಂದು ಪಾಳಿ ಎಂಬ ಕಟ್ಟಳೆಯಿತ್ತು. ಕೋವಿಡ್ ಕಳೆದ ಮೇಲೆ ಅದು ಆರು ವಾರಕ್ಕೊಮ್ಮೆ ಎಂದಾಗಿದೆ. ಕೇಳಲು ಅಲ್ಪವೇ. ಆದರೆ ಹದಿನಾರು ಸಾವಿರ ಜನರೂ ತಪ್ಪದೆ ಬಂದರೆ ವಾರಕ್ಕೆ ಏಳು ಸಾವಿರಕ್ಕೂ ಮಿಕ್ಕಿ ಗಂಟೆಗಳ ಕೆಲಸವಾಗುತ್ತದೆ. ವಾರಕ್ಕೆ 40 ಗಂಟೆ ದುಡಿಯುವ ನೌಕರರ ಲೆಕ್ಕದಲ್ಲಿ ನೋಡಿದರೆ ನೂರಾ ಎಂಬತ್ತು ಜನರ ದುಡಿಮೆ. ಕಾಯಿಲೆಯವರು, ವಯಸ್ಸಾದವರು, ಬಾಣಂತಿಯರು ಎಂದು ವಿನಾಯಿತಿ ಪಡೆದವರನ್ನು ಕಳೆದರೂ ಇದು ದೊಡ್ಡ ಸೈನ್ಯ.

ಈ ದುಡಿಮೆಯ ಬೆಲೆ ಎಷ್ಟೆಂದು 2020ರಲ್ಲಿ ಗೊತ್ತಾಯಿತು. ಆ ಮಾರ್ಚ್‌ನಲ್ಲಿ ಸೋಂಕಿನ ಭಯದಿಂದ ಸದಸ್ಯರ ಪಾಳಿಗಳನ್ನೆಲ್ಲ ನಿಲ್ಲಿಸಿ, ಸಂಬಳಕ್ಕೆ ಜನರನ್ನು ಇಟ್ಟುಕೊಳ್ಳಬೇಕಾಯಿತು. ಅದುವರೆಗೆ ನೂರಕ್ಕೆ ಇಪ್ಪತ್ತೊಂದರ ಸುಮಾರಿಗಿದ್ದ ಹೇರಿಕೆ ಇಪ್ಪತ್ತೈದರ ಹತ್ತಿರಕ್ಕೆ ಏರಿದ್ದು ಆಗಲೇ. ಹೊಸಬರಿಗೆ “ನಿಮ್ಮ ಕೆಲಸದಿಂದಲೇ ಬೆಲೆ ಇಳಿದಿರುವುದು” ಎಂದು ಹೇಳುವಾಗ ಅದು ಉಪದೇಶವಾಗಿ ಉಳಿಯದೆ ಲೆಕ್ಕವಾಗಿ ಕಾಣುವುದು ಇದರಿಂದ.

ಇನ್ನು ಮುಖ್ಯ ನಿಯಮಕ್ಕೆ ಬರೋಣ. ಹೊಸದಾಗಿ ಕೇಳಿದವರು ಬೆಚ್ಚಿಬೀಳುವುದು ಇಲ್ಲೇ. ಒಂದು ಮನೆಯಲ್ಲಿ ಒಬ್ಬರು ಸದಸ್ಯರಾದರೆ ಆ ಮನೆಯ ವಯಸ್ಕರೆಲ್ಲರೂ ಸದಸ್ಯರಾಗಬೇಕು. ಗಂಡ, ಹೆಂಡತಿ, ದೊಡ್ಡ ಮಗ, ಒಟ್ಟಿಗೆ ಅಡುಗೆ ಮಾಡಿ ಉಣ್ಣುವ ರೂಮ್‌ಮೇಟ್, ಎಲ್ಲರೂ. ಪ್ರತಿಯೊಬ್ಬರೂ ಶುಲ್ಕ ಕಟ್ಟಬೇಕು, ಪಾಲುಹಣ ಇಡಬೇಕು, ತಮ್ಮ ತಮ್ಮ ಪಾಳಿ ಮಾಡಬೇಕು.

ಇದು ಜಬರದಸ್ತಿಯಂತೆ ಕಂಡರೂ ಹಿಂದಿನ ಕಾರಣ ಗಟ್ಟಿಯಾದದ್ದು. ನಾಲ್ಕು ಜನ ವಯಸ್ಕರಿರುವ ಮನೆಯಿಂದ ಒಬ್ಬರೇ ಸೇರಿದರು ಎನ್ನಿ. ಅವರೊಬ್ಬರು ವರ್ಷಕ್ಕೆ ಇಪ್ಪತ್ನಾಲ್ಕು ಗಂಟೆ ದುಡಿಯುತ್ತಾರೆ, ಆದರೆ ಚೀಲ ತುಂಬಿಸುವುದು ನಾಲ್ಕು ಜನರ ಹೊಟ್ಟೆಗೆ. ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಮುದುಕಿಯೂ ಅಷ್ಟೇ ಗಂಟೆ ದುಡಿದು ಒಂದು ಹೊಟ್ಟೆಗೆ ಒಯ್ಯುತ್ತಾಳೆ. ಅಂದರೆ ಆ ಮೂವರ ಅಗ್ಗದ ಅಕ್ಕಿಬೇಳೆಯ ಖರ್ಚನ್ನು ಮುದುಕಿ ತನ್ನ ದುಡಿಮೆಯಿಂದ ಭರಿಸಿದಂತಾಯಿತು. ಉಣ್ಣುವ ಬಾಯಿಗೂ ದುಡಿಯುವ ಕೈಗೂ ಲೆಕ್ಕ ಕೂಡಿಸುವುದು ಈ ನಿಯಮದ ಕೆಲಸ. ಇದೇ ಕಾರಣಕ್ಕೆ ನಿಮ್ಮ ಕಾರ್ಡನ್ನು ಸ್ನೇಹಿತರಿಗೆ ಕೊಡುವಂತಿಲ್ಲ, ಸದಸ್ಯರಲ್ಲದ ಮನೆಗೆ ಸಾಮಾನು ತಂದುಕೊಡುವಂತಿಲ್ಲ. ಹೊಸಬರೊಬ್ಬರು ಮನೆಗೆ ಬಂದು ನೆಲೆಸಿದರೆ, ಮದುವೆಯಾದರೆ, ಪ್ರೇಮಿಗಳು ಒಟ್ಟಿಗೆ ಇರತೊಡಗಿದರೆ, ಅದನ್ನು ಕೋಆಪ್‌ಗೆ ತಿಳಿಸಬೇಕು. ಪ್ರೇಮಪ್ರಕರಣವನ್ನು ಅಂಗಡಿಯ ಕಚೇರಿಗೆ ವರದಿ ಮಾಡಬೇಕಾದ ಊರು ಎಂದು ಬ್ರೂಕ್ಲಿನ್‌ನವರೇ ತಮಾಷೆ ಮಾಡಿಕೊಳ್ಳಬಹುದು, ಆದರೆ ನಿಯಮ ನಿಯಮವೇ.

ಈಗ ಒಂದು ಮನೆಯ ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ, ಸೇರಬೇಕೋ ಬೇಡವೋ ತಿಳಿಯುತ್ತದೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆ. ಬೇರೆ ಅಂಗಡಿಯಲ್ಲಿ ತಿಂಗಳಿಗೆ 600 ಡಾಲರ್ ದಿನಸಿ ತರಕಾರಿ ಖರ್ಚು ಎಂದುಕೊಳ್ಳಿ. ಸೇರುವಾಗ ಇಬ್ಬರಿಂದ 250 ಡಾಲರ್ ಹೋಗುತ್ತದೆ, ಅದರಲ್ಲಿ 200 ಮುಂದೆ ಮರಳಿ ಬರುವಂಥದ್ದು. ಆರು ವಾರಕ್ಕೊಂದು ಪಾಳಿಯಂತೆ ಒಬ್ಬೊಬ್ಬರಿಗೂ ವರ್ಷಕ್ಕೆ ಎಂಟೊಂಬತ್ತು ಪಾಳಿ, ಸುಮಾರು 24 ಗಂಟೆ. ಇಬ್ಬರಿಗೂ ಸೇರಿ 48. ಉಳಿತಾಯವನ್ನು ಕಡಿಮೆಯೆಂದರೆ ಕಡಿಮೆ, ನೂರಕ್ಕೆ ಇಪ್ಪತ್ತು ಎಂದೇ ಹಿಡಿದರೂ ತಿಂಗಳಿಗೆ 120, ವರ್ಷಕ್ಕೆ 1,440 ಡಾಲರ್. ದುಡಿದ ಗಂಟೆಗೆ 30 ಡಾಲರ್ ಬಿದ್ದಂತಾಯಿತು. 2024ರಲ್ಲಿ ನ್ಯೂಯಾರ್ಕ್ ನಗರದ ಕನಿಷ್ಠ ಕೂಲಿ ಗಂಟೆಗೆ 16 ಡಾಲರ್. ಇವರಿಗೆ ಸೇರುವುದು ಲಾಭವೇ.

ಅದೇ ಮನೆಗೆ ಮೂರನೆಯವನೊಬ್ಬ ರೂಮ್‌ಮೇಟ್ ಆಗಿ ಬಂದ. ಅಡುಗೆಮನೆ ಒಂದೇ, ಆದರೆ ಅವನು ಮೂರು ಹೊತ್ತೂ ಹೋಟೆಲಿನಲ್ಲೇ ಉಣ್ಣುವವನು. ಅವನನ್ನೂ ಮನೆಯವನೆಂದೇ ಕೋಆಪ್ ಎಣಿಸಿದರೆ ಅವನೂ 125 ಡಾಲರ್ ಕಟ್ಟಿ 24 ಗಂಟೆ ದುಡಿಯಬೇಕು. ಉಳಿತಾಯ ಒಂದು ಪೈಸೆಯೂ ಹೆಚ್ಚುವುದಿಲ್ಲ. ಈಗ ದುಡಿಮೆ 72 ಗಂಟೆ, ಗಂಟೆಗೆ ಬೀಳುವುದು 20 ಡಾಲರ್. ಅದೂ ರೂಮ್‌ಮೇಟ್‌ಗೆ ಸಿಗದೆ ಉಳಿದಿಬ್ಬರಿಗೆ ಸಿಗುವ 20. ಅವನು “ನನಗ್ಯಾಕೆ ಬೇಕು ಈ ಉಸಾಬರಿ” ಎಂದರೆ ತಪ್ಪು ಹೇಳುವಂತಿಲ್ಲ. ಹಾಗೆಯೇ ಒಂಟಿಯಾಗಿದ್ದು, ತಿಂಗಳಿಗೆ 50 ಡಾಲರಿನ ಚೀಸ್, ಆಲಿವ್ ಮಾತ್ರ ಕೊಳ್ಳಲು ಬರುವವರಿಗೆ ವರ್ಷಕ್ಕೆ ಉಳಿಯುವುದು 120 ಡಾಲರ್, ಗಂಟೆಗೆ ಬರೀ 5. ಮನೆಗೆ ದೂರವಿದ್ದರೆ ಸಬ್‌ವೇ ಟಿಕೆಟ್ಟಿಗೇ ಅದು ಕರಗುತ್ತದೆ. ಅಂಗಡಿಯನ್ನೇ ತಮ್ಮ ಮುಖ್ಯ ಅಂಗಡಿ ಮಾಡಿಕೊಂಡು, ಮನೆಯಲ್ಲಿ ಅಡುಗೆ ಮಾಡಿ ಉಣ್ಣುವವರಿಗೆ ಇದು ಹೇಳಿಮಾಡಿಸಿದ್ದು. ಆಗೊಮ್ಮೆ ಈಗೊಮ್ಮೆ ಬರುವವರಿಗೆ ಅಲ್ಲ. ಒಳ್ಳೆಯ ಸ್ವಾಗತದ ಮಾತು ಈ ಎರಡನೆಯ ಗುಂಪಿನವರನ್ನು ಬಾಗಿಲಲ್ಲೇ ಮರಳಿ ಕಳಿಸಬೇಕು ಎಂಬುದು ನನ್ನ ಅಭಿಪ್ರಾಯ. ಸೇರಿ ಆರು ತಿಂಗಳಿಗೆ ಪಾಳಿ ತಪ್ಪಿಸತೊಡಗುವವರು ಹೆಚ್ಚಾಗಿ ಇವರೇ.

ಸೇರುವ ಕ್ರಮ ಹೀಗೆ. ಮೊದಲು ಪರಿಚಯ ಸಭೆ. ಹಿಂದೆ ಅದು ಅಂಗಡಿಯಲ್ಲೇ ಕೂತು ಕೇಳುವ ಸಭೆ, ಈಚೆಗೆ ಆನ್‌ಲೈನ್‌ನಲ್ಲೂ ನಡೆಯುತ್ತದೆ. ಅದನ್ನು ಮುಗಿಸದೆ ಸದಸ್ಯತ್ವವಿಲ್ಲ. ಆಮೇಲೆ ಗುರುತಿನ ಚೀಟಿ, ವಿಳಾಸದ ದಾಖಲೆ ತೋರಿಸಿ, ಹಣ ಕಟ್ಟಿ, ಫೋಟೊ ತೆಗೆಸಿಕೊಂಡು ಕಾರ್ಡು ಪಡೆಯಬೇಕು. ವಿಳಾಸ ಕೇಳುವುದು ಬರೀ ಪತ್ರ ಕಳಿಸಲಿಕ್ಕಲ್ಲ ಎಂಬುದು ಮನೆಯ ನಿಯಮ ಓದಿದವರಿಗೆ ಅರ್ಥವಾಗಿರುತ್ತದೆ. ಕಾರ್ಡು ಕೈಗೆ ಬಂದಮೇಲೆ ಪಾಳಿ ಆರಿಸಿಕೊಳ್ಳುವುದು.

ಕೆಲಸಗಳಲ್ಲಿ ವೈವಿಧ್ಯವಿದೆ, ಆರಿಸಿಕೊಳ್ಳುವುದರಲ್ಲಿ ಸ್ವಲ್ಪ ಜಾಣತನ ಬೇಕು. ಬೆಳಗಿನ ಜಾವದಲ್ಲಿ ಲಾರಿಯಿಂದ ಸರಕು ಇಳಿಸಿಕೊಂಡು ತಣ್ಣನೆಯ ಕೋಣೆಗೆ ಸಾಗಿಸುವ ಪಾಳಿ ಮೈಗಟ್ಟಿಯಿರುವವರಿಗೆ. ಬೇಸಿಗೆಯಲ್ಲೂ ಸ್ವೆಟರ್ ಬೇಕು. ನೆಲಮಾಳಿಗೆಯಲ್ಲಿ ಚೀಸ್ ಕತ್ತರಿಸಿ ಸುತ್ತುವುದು, ಒಣಹಣ್ಣು, ಕಾಳುಕಡಿ, ಮಸಾಲೆಗಳನ್ನು ತೂಗಿ ಪೊಟ್ಟಣ ಕಟ್ಟುವುದು ಹರಟೆಮಲ್ಲರಿಗೆ ಪ್ರಿಯ. ನಮ್ಮಲ್ಲಿ ಮದುವೆಯ ಹಿಂದಿನ ರಾತ್ರಿ ನೆಂಟರೆಲ್ಲ ಕೂತು ತರಕಾರಿ ಹೆಚ್ಚುವಾಗ ಹೇಗೆ ಕೈಯೂ ಬಾಯಿಯೂ ಒಟ್ಟಿಗೆ ಓಡುತ್ತವೋ ಹಾಗೆ. ಬಿಲ್ ಹಾಕುವ ಕೌಂಟರಿನಲ್ಲಿ ಕೂತವರಿಗೆ ಹತ್ತಾರು ಬಗೆಯ ಸೊಪ್ಪಿನ ಗುರುತು ಹಿಡಿಯಬೇಕಾದ ಪೀಕಲಾಟ; ಕೇಲ್ ಸೊಪ್ಪಿನಲ್ಲೇ ಮೂರು ನಮೂನೆ. ಮೊದಲ ಪಾಳಿಯಲ್ಲಿ ಅಲ್ಲಿ ಕೂತವರು ತಡವರಿಸುವುದು ಎಲ್ಲರಿಗೂ ಗೊತ್ತು, ಸಾಲಿನಲ್ಲಿ ನಿಂತ ಗಿರಾಕಿಯೇ “ಅದು ಕೊಲಾರ್ಡ್” ಎಂದು ಹೇಳಿಕೊಡುತ್ತಾರೆ. ಅವರೂ ಹಿಂದಿನ ತಿಂಗಳು ಅದೇ ಕುರ್ಚಿಯಲ್ಲಿ ಕೂತಿದ್ದವರಿರಬಹುದು.

ನನಗೆ ಬಹಳ ಹಿಡಿಸಿದ ಕೆಲಸ ಬೇರೊಂದು. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಕೆಲವು ಸದಸ್ಯರು ಬಾಗಿಲಲ್ಲಿ ನಿಂತಿರುತ್ತಾರೆ. ಸಾಮಾನು ತುಂಬಿದ ತಳ್ಳುಗಾಡಿಯೊಂದಿಗೆ ನೀವು ಹೊರಬಂದರೆ ಅವರಲ್ಲೊಬ್ಬರು ನಿಮ್ಮ ಜೊತೆ ನಿಮ್ಮ ಕಾರಿನವರೆಗೋ ಹತ್ತಿರದ ಸಬ್‌ವೇ ನಿಲ್ದಾಣದವರೆಗೋ ನಡೆದುಬಂದು, ಖಾಲಿ ಗಾಡಿಯನ್ನು ವಾಪಸು ತಳ್ಳಿಕೊಂಡು ಹೋಗುತ್ತಾರೆ. ಗಾಡಿ ಕಳೆಯದಂತೆ ಮಾಡಿದ ಉಪಾಯ ಇದು. ಆದರೆ ಕೈಕಾಲು ಸೋತವರಿಗೆ ಇದಕ್ಕಿಂತ ದೊಡ್ಡ ಸೌಲಭ್ಯ ಆ ಅಂಗಡಿಯಲ್ಲಿ ಬೇರೆ ಇಲ್ಲ. ಸೌಲಭ್ಯಗಳ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿ ಇರಬೇಕಾದದ್ದು.

ಮೊದಲ ಸಲ ಸಾಮಾನು ಕೊಳ್ಳಲು ಹೋದವರಿಗೆ ಅಂಗಡಿ ಕಿಷ್ಕಿಂಧೆಯಂತೆ ಕಾಣುತ್ತದೆ. ಸಾಲುಗಳ ನಡುವೆ ಜಾಗ ಇಕ್ಕಟ್ಟು, ಜನ ವಿಪರೀತ. ಬಾಗಿಲಲ್ಲಿ ಕಾರ್ಡು ತೋರಿಸಿದರೆ ಅಲ್ಲಿ ಕೂತ ಸದಸ್ಯರು ಪರದೆಯ ಮೇಲೆ ನಿಮ್ಮ ಸ್ಥಿತಿ ನೋಡಿ ಒಳಗೆ ಬಿಡುತ್ತಾರೆ. ಬೇಕಾದ್ದು ಸಿಗದಿದ್ದರೆ ಗೋಡೆಯಲ್ಲಿರುವ ಫೋನನ್ನು ಎತ್ತಿ, ಎಳ್ಳಿನ ಪೇಸ್ಟ್ ಎಲ್ಲಿದೆ ಎಂದು ಇಡೀ ಅಂಗಡಿಗೆ ಕೇಳುವಂತೆ ಕೇಳಬಹುದು. ಗೊತ್ತಿರುವ ಯಾರೋ ಇನ್ನೊಂದು ಮೂಲೆಯಿಂದ ಧ್ವನಿವರ್ಧಕದಲ್ಲೇ ಉತ್ತರ ಕೊಡುತ್ತಾರೆ. ನಾಚಿಕೆ ಸ್ವಭಾವದವರು ಎಳ್ಳಿನ ಪೇಸ್ಟ್ ಇಲ್ಲದೆಯೇ ಮನೆಗೆ ಹೋಗುವುದೂ ಉಂಟು. ಬಿಲ್ಲಿನ ಸಾಲು ಎಷ್ಟು ಉದ್ದವೆಂದರೆ ಕೋಆಪ್ ಹೊರತರುವ ಪತ್ರಿಕೆಯ ಹೆಸರೇ ಸಾಲಿನಲ್ಲಿ ಕಾಯುವವರ ಗೆಜೆಟ್, ‘ಲೈನ್‌ವೇಟರ್ಸ್ ಗೆಜೆಟ್’.

ಪಾಳಿ ತಪ್ಪಿದರೆ? ನಿಯಮ ಸಡಿಲವೂ ಹೌದು, ಬಿಗಿಯೂ ಹೌದು. ಬರಲಾಗದೆಂದು ಮೊದಲೇ ಗೊತ್ತಿದ್ದರೆ ಇನ್ನೊಬ್ಬ ಸದಸ್ಯರ ಜೊತೆ ಪಾಳಿ ಬದಲಾಯಿಸಿಕೊಳ್ಳಬಹುದು. ಅನಿಯಮಿತ ಕೆಲಸದವರು ಬಿಡುವಿದ್ದಾಗ ಮುಂಚಿತವಾಗಿ ಹೆಚ್ಚು ಪಾಳಿ ಮಾಡಿ ಖಾತೆಗೆ ಜಮಾ ಇಟ್ಟುಕೊಳ್ಳುವ ಯೋಜನೆಯೂ ಇದೆ. ಮಗು ಹುಟ್ಟಿದರೆ ರಜೆ ಸಿಗುತ್ತದೆ, ಕಾಯಿಲೆಯಾದರೆ ವಿನಾಯಿತಿ, ಬಹಳ ವರ್ಷ ದುಡಿದು ವಯಸ್ಸಾದವರಿಗೆ ನಿವೃತ್ತಿ. ಆದರೆ ಹೇಳದೆ ಕೇಳದೆ ತಪ್ಪಿಸಿಕೊಂಡವರಿಗೆ ಬಹುಕಾಲದಿಂದ ಇದ್ದ ಕಟ್ಟಳೆ, ಒಂದು ತಪ್ಪಿದರೆ ಎರಡು ಮಾಡಬೇಕೆಂಬುದು. ಬಾಕಿ ತೀರಿಸದೆ ಬಂದರೆ ಬಾಗಿಲ ಪರದೆಯಲ್ಲಿ ಅದು ಮೂಡುತ್ತದೆ. ಸ್ವಲ್ಪ ದಿನ ಎಚ್ಚರಿಕೆ, ಆಮೇಲೆ ಖರೀದಿಗೆ ತಡೆ. ಹಾಗೆ ತಡೆಬಿದ್ದವರ ಮನೆಯ ಉಳಿದವರಿಗೂ ಬಿಸಿ ತಟ್ಟುವುದರಿಂದ, ಗಂಡ ಪಾಳಿ ಮರೆತರೆ ಬೈಯುವ ಕೆಲಸವನ್ನು ಕೋಆಪ್ ಮಾಡಬೇಕಾಗಿಯೇ ಬರುವುದಿಲ್ಲ.

ಕಳ್ಳದಾರಿ ಹುಡುಕುವವರು ಎಲ್ಲಿಯೂ ಇರುತ್ತಾರಲ್ಲ. ಅನುಕೂಲಸ್ಥ ಮನೆಗಳವರು ಕೆಲವರು ತಮ್ಮ ಪಾಳಿಗೆ ಮಕ್ಕಳನ್ನು ನೋಡಿಕೊಳ್ಳುವ ಆಯಾಗಳನ್ನು ಕಳಿಸುತ್ತಿದ್ದಾರೆ ಎಂಬ ಆಪಾದನೆ 2011ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲೇ ಸುದ್ದಿಯಾಯಿತು. ಸದಸ್ಯರಲ್ಲದವರನ್ನು ಕೂಲಿ ಕೊಟ್ಟು ಕಳಿಸುವಂತಿಲ್ಲ ಎಂದು ನಿಯಮ ಸ್ಪಷ್ಟವಾಗಿಯೇ ಇದೆ. ಕೆಲಸ ಆಗುತ್ತದಲ್ಲ, ಯಾರು ಮಾಡಿದರೇನು ಎಂದು ಕೇಳಬಹುದು. ದುಡ್ಡಿದ್ದವರು ದುಡ್ಡಿನಿಂದ ಪಾಳಿಯನ್ನು ಬಿಡಿಸಿಕೊಳ್ಳತೊಡಗಿದರೆ ಸ್ವಲ್ಪ ದಿನದಲ್ಲೇ ಅದು ಬಡವರು ದುಡಿದು ಸಿರಿವಂತರು ಅಗ್ಗವಾಗಿ ಕೊಳ್ಳುವ ಅಂಗಡಿಯಾಗುತ್ತದೆ. ಇಂಥ ದೂರುಗಳನ್ನೂ, ಮನೆಯವರ ಸಂಖ್ಯೆ ಮುಚ್ಚಿಟ್ಟ ಪ್ರಕರಣಗಳನ್ನೂ, ಕಳವು, ಜಗಳ, ಸಿಬ್ಬಂದಿಯ ಮೇಲೆ ಕೂಗಾಡಿದ್ದನ್ನೂ ವಿಚಾರಿಸಲು ಶಿಸ್ತುಸಮಿತಿಯಿದೆ. ಅದರಲ್ಲಿ ಕೂರುವವರೂ ಸದಸ್ಯರೇ, ಅವರಿಗೆ ಅದೇ ಪಾಳಿ.

ಸ್ವಾಗತದ ಮಾತಿನಲ್ಲಿ ಇನ್ನೊಂದು ವಿಷಯ ಬರುತ್ತದೆ, ಹೊಸಬರು ಅದನ್ನು ಸಾಮಾನ್ಯವಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ: ಸರ್ವಸದಸ್ಯರ ಸಭೆ. ಅದು ವರ್ಷಕ್ಕೊಮ್ಮೆಯದಲ್ಲ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ. ಯಾವ ಸದಸ್ಯರಾದರೂ ವಿಷಯ ತರಬಹುದು, ಎಲ್ಲರಿಗೂ ಒಂದೊಂದು ಮತ. ಜನ ಬರಲಿ ಎಂದು ಸಭೆಗೆ ಹಾಜರಾದವರಿಗೆ ಮಿತಿಯೊಳಗೆ ಪಾಳಿಯ ಲೆಕ್ಕ ಕೊಡುವ ಪದ್ಧತಿಯನ್ನೂ ತಂದಿದ್ದಾರೆ. ಏನು ಮಾರಬೇಕು, ಏನು ಮಾರಬಾರದು ಎಂಬ ಜಗಳಗಳೆಲ್ಲ ಅಲ್ಲಿ ನಡೆಯುತ್ತವೆ. 2012ರ ಮಾರ್ಚ್‌ನಲ್ಲಿ ಇಸ್ರೇಲಿನ ಸರಕಿನ ಬಹಿಷ್ಕಾರದ ಬಗ್ಗೆ ಸದಸ್ಯರ ಜನಮತ ಕೇಳಬೇಕೇ ಎಂಬ ಪ್ರಶ್ನೆ ಬಂದಾಗ ಮಾಮೂಲಿ ಜಾಗ ಸಾಲದೆ ದೊಡ್ಡ ಹೈಸ್ಕೂಲೊಂದರ ಸಭಾಂಗಣ ಹಿಡಿಯಬೇಕಾಯಿತು. 653 ಜನ ಬೇಕು ಎಂದರು, 1,005 ಜನ ಬೇಡ ಎಂದರು. ಅಗ್ಗದ ಕ್ಯಾರೆಟ್ಟಿಗೆಂದು ಸೇರಿದವರು ಮೈಕಿನ ಮುಂದೆ ಅಂತರರಾಷ್ಟ್ರೀಯ ರಾಜಕಾರಣ ಕೇಳುತ್ತ ಕೂರಬೇಕಾಗಿ ಬರಬಹುದು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇಲ್ಲಿ ನಮ್ಮ ಕಡೆಯ ಒಂದು ಮಾತು. ಸಹಕಾರ ಸಂಘಗಳ ವಿಷಯದಲ್ಲಿ ಕರ್ನಾಟಕ ಹೊಸಬರ ನಾಡಲ್ಲ. 1905ರಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತ್ತು. ಇವತ್ತು ಹಾಲಿನ ಡೇರಿಯೋ ಪತ್ತಿನ ಸಂಘವೋ ಇಲ್ಲದ ಹಳ್ಳಿ ಅಪರೂಪ. ಆದರೆ ಷೇರು ಹಣ ಕಟ್ಟಿ, ರಸೀದಿ ತೆಗೆದುಕೊಂಡು, ದಪ್ಪ ರಿಜಿಸ್ಟರಿನಲ್ಲಿ ಸಹಿ ಹಾಕಿದ ಮೇಲೆ ಹೊಸ ಸದಸ್ಯರಿಗೆ ಕಾರ್ಯದರ್ಶಿ ಹೇಳುವುದು ಎಷ್ಟು? ಸಾಲ ಎಷ್ಟು ಸಿಗುತ್ತದೆ, ಬೋನಸ್ ಯಾವಾಗ ಬರುತ್ತದೆ ಎಂಬುದು ತಿಳಿಯುತ್ತದೆ. ಬೈಲಾದ ಪ್ರತಿ ಕೇಳಿದರೆ ಬೀರು ಹುಡುಕಬೇಕಾಗುತ್ತದೆ. ಯಾವ ಕಾರಣಕ್ಕೆ ಮತದ ಹಕ್ಕು ಹೋಗುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಾಗುವುದು ಚುನಾವಣೆಯ ಮತಪಟ್ಟಿಯಲ್ಲಿ ತಮ್ಮ ಹೆಸರು ಕಾಣದಾದಾಗ. ಬ್ರೂಕ್ಲಿನ್‌ನವರ ಪಾಳಿಯ ಕಟ್ಟಳೆ ನಮಗೆ ಬೇಕಾಗಿಲ್ಲ, ಹಾಲು ಹಾಕುವ ರೈತರು ದಿನವೂ ದುಡಿಯುವವರೇ. ಸೇರುವ ಮುಂಚೆ ಒಂದು ಗಂಟೆ ಕೂರಿಸಿ ಹೇಳುವ ಅವರ ಪದ್ಧತಿಯನ್ನು ಮಾತ್ರ ತಂದುಕೊಳ್ಳಬಹುದು, ಖರ್ಚೇನೂ ಇಲ್ಲ.

ಈ ಮಾದರಿ ಬೇರೆ ಊರಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆಗೆ ಪ್ಯಾರಿಸ್ಸಿನಲ್ಲಿ ಒಂದು ಉತ್ತರವಿದೆ. ಅಲ್ಲಿ ನೆಲೆಸಿದ ಅಮೆರಿಕದ ಟಾಮ್ ಬೂತ್ ಎಂಬವರು ಪಾರ್ಕ್ ಸ್ಲೋಪ್ ಅಂಗಡಿಯ ಬಗ್ಗೆ ‘ಫುಡ್ ಕೋಆಪ್’ ಎಂಬ ಸಾಕ್ಷ್ಯಚಿತ್ರ ಮಾಡಿದರು, ಗೆಳೆಯರೊಂದಿಗೆ ಸೇರಿ ಅಂಥದ್ದೇ ಅಂಗಡಿಯನ್ನೂ ಕಟ್ಟಿದರು. 2016ರಲ್ಲಿ ಚಿತ್ರವೂ ಬಂತು, ನಗರದ 18ನೇ ವಿಭಾಗದಲ್ಲಿ ‘ಲಾ ಲೂವ್’ ಅಂಗಡಿಯೂ ತೆರೆಯಿತು. ಅಲ್ಲಿ ಪಾಲುಹಣ 100 ಯೂರೊ, ಬಡವರಿಗೆ 10; ಪಾಳಿ ನಾಲ್ಕು ವಾರಕ್ಕೊಮ್ಮೆ ಮೂರು ಗಂಟೆ. ಸೇರುವ ಮುನ್ನ ಪರಿಚಯ ಸಭೆ ಅಲ್ಲಿಯೂ ಉಂಟು. ಆದರೆ ಮನೆಯವರೆಲ್ಲ ಸೇರಲೇಬೇಕು ಎಂಬ ಬ್ರೂಕ್ಲಿನ್ನಿನ ಅತಿ ಕಟ್ಟುನಿಟ್ಟಿನ ನಿಯಮ ಎಲ್ಲ ಊರಿಗೂ ಹೊಂದುವುದು ಕಷ್ಟ. ಹೊಸದಾಗಿ ತೆರೆದ ಅಂಗಡಿಗೆ ಜನ ಸೇರುವುದೇ ದೊಡ್ಡದಾಗಿರುವಾಗ ಬಾಗಿಲಲ್ಲೇ ಇಂಥ ಷರತ್ತು ಒಡ್ಡುವ ಧೈರ್ಯ, ಐವತ್ತು ವರ್ಷ ನಡೆದು ಗಟ್ಟಿಯಾದ ಸಂಘಕ್ಕೆ ಬರುವಷ್ಟು ಸುಲಭವಾಗಿ ಬರುವುದಿಲ್ಲ.

ಉಳಿದದ್ದು ಬಿಟ್ಟುಹೋಗುವ ಮಾತು. ಸೇರುವ ದಿನವೇ ಬಿಡುವುದು ಹೇಗೆಂದು ಕೇಳುವುದು ನಮಗೆ ಅಪಶಕುನದಂತೆ ಕಂಡರೂ ಅಲ್ಲಿ ಅದೂ ಪರಿಚಯದ ಭಾಗವೇ. ಬೇರೆ ಊರಿಗೆ ವರ್ಗವಾಯಿತು, ಮನೆ ದೂರವಾಯಿತು, ಪಾಳಿ ಮಾಡಲಾಗುತ್ತಿಲ್ಲ, ಕಾರಣ ಯಾವುದಾದರೂ ಸರಿ. ಸುಮ್ಮನೆ ಬರುವುದನ್ನು ನಿಲ್ಲಿಸಿದರೆ ಬಾಕಿ ಪಾಳಿಗಳು ಹೆಸರಿನ ಮೇಲೆ ಬೆಳೆಯುತ್ತವೆ, ಮುಂದೆಂದಾದರೂ ಮರಳಿ ಬಂದಾಗ ಅವು ಎದುರಾಗುತ್ತವೆ. ಅದರ ಬದಲು ಸದಸ್ಯತ್ವ ಬಿಡುತ್ತೇನೆಂದು ಕಚೇರಿಗೆ ತಿಳಿಸಿ ಲೆಕ್ಕ ಮುಗಿಸಿಕೊಂಡರೆ, ಇಟ್ಟಿದ್ದ 100 ಡಾಲರ್ ಪಾಲುಹಣ ವಾಪಸು ಬರುತ್ತದೆ. ಪ್ರವೇಶ ಶುಲ್ಕದ 25 ಮಾತ್ರ ಅಂಗಡಿಯಲ್ಲೇ ಉಳಿಯುತ್ತದೆ.